ಗರ್ಭನಿರೋಧಕ ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಮಧ್ಯೆ ಮಧ್ಯೆ ಬ್ಲೀಡಿಂಗ್: ಬದಲಾಯಿಸೋದು ಯಾವಾಗ, ಕಾಯೋದು ಯಾವಾಗ

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ, ಮದುವೆಯಾಗಿ ಒಂದು ವರ್ಷ. ಮಕ್ಕಳು ಸದ್ಯಕ್ಕೆ ಬೇಡ ಅಂತ 20 ಮೈಕ್ರೋಗ್ರಾಂ ಈಸ್ಟ್ರೋಜನ್ ಇರೋ ಮಾತ್ರೆ ತಗೊಳ್ತಿದೀನಿ, ಈಗ ಎರಡನೇ ಸ್ಟ್ರಿಪ್. ಸ್ಟ್ರಿಪ್ ಅರ್ಧ ಆಗ್ತಿದ್ದ ಹಾಗೆ ಕಂದು ಬಣ್ಣದ ಸ್ಪಾಟಿಂಗ್ ಶುರುವಾಗಿ ನಾಲ್ಕೈದು ದಿನ ಇರುತ್ತೆ. ಮೆಡಿಕಲ್ ಶಾಪ್‌ನೋರು ಬೇರೆ ಕಂಪನಿದು ಕೊಡ್ತೀನಿ ಅಂತಾರೆ, ಅತ್ತೆ ನಿಲ್ಲಿಸಿಬಿಡು ಗರ್ಭಕೋಶ ಹಾಳಾಗುತ್ತೆ ಅಂತಾರೆ. ಮಾತ್ರೆ ಕೆಲಸ ಮಾಡ್ತಿಲ್ವಾ? ಬದಲಾಯಿಸ್ಬೇಕಾ?

ಉತ್ತರ: ಈಗ್ಲೇ ಬದಲಾಯಿಸ್ಬೇಡಿ, ನಿಲ್ಲಿಸ್ಲೂ ಬೇಡಿ. ಮಾತ್ರೆ ತಪ್ಪಿಸದೆ ತಗೊಳ್ತಿದ್ರೆ ಅದು ಕೆಲಸ ಮಾಡ್ತಾನೇ ಇದೆ, ಸ್ಪಾಟಿಂಗ್ ಬಂದಾಕ್ಷಣ ಗರ್ಭ ನಿಂತುಬಿಡುತ್ತೆ ಅಂತೇನಿಲ್ಲ, ಗರ್ಭಕೋಶವೂ ಹಾಳಾಗಲ್ಲ. ಮೂರನೇ ಸ್ಟ್ರಿಪ್ ಪೂರ್ತಿ ಮುಗಿಯೋವರೆಗೂ ಇದೇ ಮಾತ್ರೆಗೆ ಟೈಮ್ ಕೊಡಿ. ಆದ್ರೆ ಸುಮ್ನೆ ಕಾಯಿರಿ ಅಂತ ಹೇಳಿ ಕಳಿಸೋ ವಿಷಯ ಅಲ್ಲ ಇದು, ಕಾಯೋ ಹೊತ್ತಲ್ಲಿ ನೋಡ್ಬೇಕಾದ್ದು ಕೆಲವು ಇವೆ, ಅದನ್ನೆಲ್ಲ ಬಿಡಿಸಿ ಹೇಳ್ತೀನಿ.

ಮೊದಲು ಒಳಗೆ ಏನಾಗ್ತಿದೆ ಅಂತ ಗೊತ್ತಾದ್ರೆ ಅರ್ಧ ಭಯ ಹೋಗುತ್ತೆ. ಮಾತ್ರೆ ಇಲ್ದಿದ್ದಾಗ ತಿಂಗಳ ಮೊದಲರ್ಧದಲ್ಲಿ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನ ದಪ್ಪ ಮಾಡುತ್ತೆ, ಆಮೇಲೆ ಪ್ರೊಜೆಸ್ಟರೋನ್ ಬಂದು ಅದನ್ನ ಹಿಡಿದಿಡುತ್ತೆ, ಕೊನೆಗೆ ಎರಡೂ ಒಟ್ಟಿಗೆ ಕಮ್ಮಿಯಾದಾಗ ಪದರ ಒಂದೇ ಸಲ ಕಳಚಿ ಮುಟ್ಟು ಬರುತ್ತೆ. ಮಾತ್ರೆ ಶುರು ಮಾಡಿದ ಮೇಲೆ ಈ ಏರಿಳಿತ ಇರಲ್ಲ, ಎರಡೂ ಹಾರ್ಮೋನು ದಿನಾ ಒಂದೇ ಪ್ರಮಾಣದಲ್ಲಿ ಹೋಗುತ್ತೆ, ಅದರಲ್ಲಿ ಪ್ರೊಜೆಸ್ಟರೋನ್ ತರಾನೇ ಕೆಲಸ ಮಾಡೋ ಪ್ರೊಜೆಸ್ಟಿನ್ ಕೈ ಮೇಲಾಗಿರುತ್ತೆ. ಅದು ಒಳಪದರ ಬೆಳೆಯೋಕೆ ಬಿಡದೆ ತೆಳ್ಳಗೆ ಮಾಡ್ತಾ ಹೋಗುತ್ತೆ. ತೆಳ್ಳಗಾದ ಪದರದ ಮೇಲ್ಭಾಗದಲ್ಲಿರೋ ಸಣ್ಣ ರಕ್ತನಾಳಗಳು ಹಿಗ್ಗಿ, ಗೋಡೆ ಸಡಿಲವಾಗಿ, ಸುಲಭಕ್ಕೆ ಒಡೆಯೋ ಹಾಗಾಗಿರ್ತವೆ. ಹಳೇ ಗೋಡೆಯ ಸುಣ್ಣ ಪೂರ್ತಿ ಬೀಳದೆ ಅಲ್ಲಲ್ಲಿ ಉದುರೋ ಹಾಗೆ ಇಲ್ಲಿ ಸ್ವಲ್ಪ ಅಲ್ಲಿ ಸ್ವಲ್ಪ ಜಿನುಗುತ್ತೆ. ಬರೋದು ಕಮ್ಮಿ, ಹೊರಗೆ ಬರೋಕೆ ಟೈಮ್ ತಗೊಳ್ಳುತ್ತೆ, ಅಷ್ಟರಲ್ಲಿ ರಕ್ತ ಹಳತಾಗಿರುತ್ತೆ, ಅದಕ್ಕೇ ನಿಮಗೆ ಕೆಂಪಗೆ ಕಾಣದೆ ಕಂದು ಬಣ್ಣದಲ್ಲಿ ಕಾಣೋದು. ಮೊದಲಿದ್ದ ದಪ್ಪ ಪದರ ತೆಳು ಪದರಕ್ಕೆ ಬಂದು ಒಗ್ಗಿಕೊಳ್ಳೋಕೆ ಎರಡು ಮೂರು ಸ್ಟ್ರಿಪ್ ಬೇಕಾಗುತ್ತೆ, ಬಹಳಷ್ಟು ಹೆಂಗಸರಲ್ಲಿ ಮೂರನೇ ತಿಂಗಳ ಹೊತ್ತಿಗೆ ತಾನಾಗೇ ನಿಲ್ಲುತ್ತೆ.

ಇದರಲ್ಲಿ ಈಸ್ಟ್ರೋಜನ್ ಕೆಲಸ ಏನು ಅಂದ್ರೆ ಒಡೆದ ಜಾಗನ ಮುಚ್ಚಿ ಪದರಕ್ಕೆ ಆಧಾರ ಕೊಡೋದು. ಈ ಮಾತು ಮಾತ್ರೆ ಹುಟ್ಟಿದ ಕಾಲದಿಂದಲೂ ಗೊತ್ತಿರೋದು. 1950ರ ದಶಕದಲ್ಲಿ ಮೊದಲ ಮಾತ್ರೆ ತಯಾರು ಮಾಡ್ತಿದ್ದಾಗ ಪ್ರೊಜೆಸ್ಟಿನ್ ಜೊತೆ ಮೆಸ್ಟ್ರನಾಲ್ ಅನ್ನೋ ಈಸ್ಟ್ರೋಜನ್ ಕಲಬೆರಕೆಯಾಗಿ ಸೇರ್ಕೊಂಡಿತ್ತು, ಅದನ್ನ ಶುದ್ಧ ಮಾಡಿ ತೆಗೆದಾಗ ಹೆಂಗಸರಿಗೆ ಮಧ್ಯದಲ್ಲಿ ಬ್ಲೀಡಿಂಗ್ ಜಾಸ್ತಿಯಾಯ್ತು, ಆಗ ಬೇಕು ಅಂತಲೇ ವಾಪಸ್ ಸೇರಿಸಿದ್ರು. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕ ಅಂತ ಅನುಮತಿ ಸಿಕ್ಕ ಎನೋವಿಡ್ ಮಾತ್ರೆಯಲ್ಲಿ ಮೆಸ್ಟ್ರನಾಲ್ 150 ಮೈಕ್ರೋಗ್ರಾಂ ಇತ್ತು. ಅಷ್ಟು ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ ಅಂತ ಗೊತ್ತಾದ ಮೇಲೆ ಡೋಸ್ ಇಳಿಸ್ತಾ ಇಳಿಸ್ತಾ ಈಗ 30, 20ಕ್ಕೆ ಬಂದು ನಿಂತಿದೀವಿ. ಡೋಸ್ ಇಳಿದಿದ್ದು ಒಳ್ಳೇದೇ, ಆದ್ರೆ ಅದಕ್ಕೆ ತೆತ್ತ ಬೆಲೆ ಅಂದ್ರೆ ಈ ಸ್ಪಾಟಿಂಗು. 20ರ ಮಾತ್ರೆ ತಗೊಳ್ಳೋರಲ್ಲಿ 30ರದ್ದು ತಗೊಳ್ಳೋರಿಗಿಂತ ಇದು ಜಾಸ್ತಿ ಕಾಣುತ್ತೆ. ನಿಮಗೆ ಬಂದಿರೋದು ವಿಚಿತ್ರ ಅಲ್ಲ ಅಂತ ಹೇಳೋಕೆ ಇಷ್ಟು ಕಥೆ ಹೇಳ್ದೆ.

ಈಗ ಮೆಡಿಕಲ್ ಶಾಪ್‌ನೋರ ಸಲಹೆ. ಎರಡನೇ ಸ್ಟ್ರಿಪ್‌ನಲ್ಲೇ ಬೇರೆ ಮಾತ್ರೆಗೆ ಹೋದ್ರೆ ಏನಾಗುತ್ತೆ ಅಂದ್ರೆ ಒಗ್ಗಿಕೊಳ್ಳೋ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತೆ. ಬೇರೆ ಪ್ರೊಜೆಸ್ಟಿನ್, ಬೇರೆ ಪ್ರಮಾಣ, ಒಳಪದರ ಮತ್ತೆ ಹೊಂದ್ಕೊಬೇಕು, ಅದ್ರಲ್ಲೂ ಸ್ಪಾಟಿಂಗ್ ಬರುತ್ತೆ, ಆಗ ಮೂರನೇದು ಕೊಡ್ತಾರೆ. ಆರು ತಿಂಗಳಲ್ಲಿ ಮೂರು ಬ್ರಾಂಡ್ ಬದಲಾಯಿಸಿ 'ನನ್ ಮೈಗೆ ಯಾವ ಮಾತ್ರೆನೂ ಆಗಲ್ಲ' ಅಂತ ತೀರ್ಮಾನ ಮಾಡ್ಕೊಂಡು ಬರೋರನ್ನ ನಾನು ತುಂಬಾ ನೋಡಿದೀನಿ, ಅವರಲ್ಲಿ ಎಷ್ಟೋ ಜನ ಒಂದೇ ಮಾತ್ರೆನ ಮೂರು ತಿಂಗಳು ನೆಟ್ಟಗೆ ತಗೊಂಡಿರಲ್ಲ. ಇನ್ನೊಂದು ವಿಷಯ, ಬೇರೆ ಕಂಪನಿ ಅಂದ್ರೆ ಬೇರೆ ಮಾತ್ರೆ ಅಂತಲ್ಲ. ಡಬ್ಬಿ ಬಣ್ಣ ಬೇರೆ ಇದ್ರೂ ಒಳಗಿರೋದು ಅದೇ ಡೆಸೋಜೆಸ್ಟ್ರೆಲ್ ಅನ್ನೋ ಪ್ರೊಜೆಸ್ಟಿನ್ 0.15 ಮಿಲಿಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ ಅನ್ನೋ ಈಸ್ಟ್ರೋಜನ್ 0.02 ಮಿಲಿಗ್ರಾಂ ಆಗಿರಬಹುದು. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರೋ ಆ ಎರಡು ಹೆಸರು, ಎರಡು ಸಂಖ್ಯೆ ಮಾತ್ರ ಲೆಕ್ಕಕ್ಕೆ. 0.02 ಅಂದ್ರೆ 20 ಮೈಕ್ರೋಗ್ರಾಂ, 0.03 ಅಂದ್ರೆ 30.

ಇನ್ನು ಕಾಯೋ ಹೊತ್ತಲ್ಲಿ ನೋಡ್ಬೇಕಾದ್ದು. ಮೊದಲನೇದು ಮಾತ್ರೆ ತಪ್ಪಿದೆಯಾ ಅಂತ, ಯಾಕಂದ್ರೆ ಮಧ್ಯದ ಬ್ಲೀಡಿಂಗ್‌ಗೆ ಅತಿ ಸಾಮಾನ್ಯ ಕಾರಣ ಇದೇ. 'ತಪ್ಪಿಸಿಲ್ಲ ಡಾಕ್ಟ್ರೇ' ಅಂತ ಎಲ್ರೂ ಹೇಳ್ತಾರೆ, ಸುಳ್ಳಲ್ಲ ಅದು, ನೆನಪಿರಲ್ಲ ಅಷ್ಟೆ. ಮನೇಲಿ ಗೋಡೆಗೆ ನೇತುಹಾಕಿರೋ ಕ್ಯಾಲೆಂಡರ್‌ನಲ್ಲೇ ದಿನಾ ಮಾತ್ರೆ ತಗೊಂಡ ಟೈಮ್ ಬರೀರಿ, ಸ್ಪಾಟಿಂಗ್ ಬಂದ ದಿನ ಒಂದು ಚುಕ್ಕೆ, ಪ್ಯಾಡ್ ಬೇಕಾಗುವಷ್ಟು ಬಂದ್ರೆ ಎರಡು ಚುಕ್ಕೆ. ಒಂದೂವರೆ ತಿಂಗಳಿಗೆ ಅದೇ ಮಾತಾಡೋಕೆ ಶುರು ಮಾಡುತ್ತೆ. ವಾರಪೂರ್ತಿ ರಾತ್ರಿ ಒಂಬತ್ತಕ್ಕೆ, ಶನಿವಾರ ತವರಿಗೆ ಹೋದಾಗ ಸ್ಟ್ರಿಪ್ ಬೇರೆ ಬ್ಯಾಗಲ್ಲಿ ಉಳಿದು ಭಾನುವಾರ ಮಧ್ಯಾಹ್ನ, ಆಮೇಲೆ ಮಂಗಳವಾರ ಬುಧವಾರ ಚುಕ್ಕೆ, ಈ ತರ ಎಷ್ಟೋ ಕ್ಯಾಲೆಂಡರ್ ನೋಡಿದೀನಿ. ಕೆಲವು ಗಂಟೆ ತಡ ಆದ್ರೆ ಗರ್ಭ ನಿಲ್ಲೋ ಭಯ ಇಲ್ಲ, ಆದ್ರೆ ಕಮ್ಮಿ ಡೋಸ್ ಮಾತ್ರೆಯಲ್ಲಿ ಟೈಮ್ ಹಿಂದೆ ಮುಂದೆ ಆಗ್ತಾನೇ ಇದ್ರೆ ಅಷ್ಟಕ್ಕೇ ಸ್ಪಾಟಿಂಗ್ ಬರಬಹುದು. ಒಂದು ಮಾತ್ರೆ ಪೂರ್ತಿ ಬಿಟ್ಟುಹೋದ್ರೆ ನೆನಪಾದ ತಕ್ಷಣ ತಗೊಂಡು ಮುಂದಿನದ್ದು ಅದರ ಟೈಮಿಗೆ ತಗೊಳ್ಳಿ, ಒಂದೇ ದಿನ ಎರಡು ಆದ್ರೂ ಪರವಾಗಿಲ್ಲ. ಎರಡು ಅಥವಾ ಹೆಚ್ಚು ಬಿಟ್ಟುಹೋದ್ರೆ ಕೊನೇದಾಗಿ ಬಿಟ್ಟದ್ದು ಒಂದು ತಗೊಂಡು ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ. ಅದು ಹಾರ್ಮೋನ್ ಮಾತ್ರೆಗಳ ಕೊನೇ ವಾರದಲ್ಲಾದ್ರೆ ಗ್ಯಾಪ್ ಬಿಡದೆ ನೇರ ಹೊಸ ಸ್ಟ್ರಿಪ್‌ಗೆ ಹೋಗಿ, ಮೊದಲ ವಾರದಲ್ಲಾಗಿ ಈಚೆಗೆ ಗಂಡ ಹೆಂಡತಿ ಸೇರಿದ್ರೆ ಅವತ್ತೇ ಡಾಕ್ಟರ್ ಹತ್ರ ಎಮರ್ಜೆನ್ಸಿ ಮಾತ್ರೆ ಬಗ್ಗೆ ಕೇಳಿ.

ಇದಕ್ಕಿಂತ ದೊಡ್ಡ ಎಡವಟ್ಟು ಸ್ಟ್ರಿಪ್ ಮುಗಿದ ಮೇಲೆ ಆಗೋದು. ಸರ್ಕಾರಿ ಆಸ್ಪತ್ರೇಲಿ ಕೊಡೋ ಮಾಲಾ-ಎನ್ ಸ್ಟ್ರಿಪ್‌ನಲ್ಲಿ 28 ಮಾತ್ರೆ, ಅದ್ರಲ್ಲಿ 21 ಹಾರ್ಮೋನಿಂದು, ಉಳಿದ 7 ಬರೀ ಕಬ್ಬಿಣಾಂಶದ್ದು. ಆ ಏಳೇ ಗ್ಯಾಪ್, ಅದು ಮುಗಿದ ಮಾರನೇ ದಿನವೇ ಹೊಸ ಸ್ಟ್ರಿಪ್. 21ರ ಸ್ಟ್ರಿಪ್ ಆದ್ರೆ 7 ದಿನ ಬಿಟ್ಟು ಎಂಟನೇ ದಿನ ಶುರು. ಮುಟ್ಟು ಇನ್ನೂ ನಿಂತಿಲ್ಲ ಅಂತಲೋ ಇನ್ನೂ ಬಂದಿಲ್ಲ ಅಂತಲೋ ಕಾಯೋ ಹಾಗಿಲ್ಲ. 28ರದ್ದು ಮುಗಿಸಿ ಮತ್ತೆ 7 ದಿನ ಬಿಟ್ರೆ ಒಟ್ಟು 14 ದಿನ ಹಾರ್ಮೋನೇ ಇರಲ್ಲ, ಅಂಡಾಶಯ ಎದ್ದು ಅಂಡ ಬಿಡುಗಡೆ ಮಾಡೋಕೆ ಅಷ್ಟು ಸಾಕು. ಇಂಥ ಕಡೆ ಮಾತ್ರೆ ಬದಲಾಯಿಸೋದ್ರಿಂದ ಏನೂ ಉಪಯೋಗ ಇಲ್ಲ, ಮಾತ್ರೆ ಬಿಟ್ಟುಹೋಗಿದ್ರೆ ಮೊದಲು ಮನೇಲೇ ಯೂರಿನ್ ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಕೊಳ್ಳಿ.

ಎರಡನೇದು ಬೇರೆ ಔಷಧಿ. ಟಿಬಿಗೆ ಕೊಡೋ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡೋ ಫೆನಿಟಾಯ್ನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಇವೆಲ್ಲ ಲಿವರ್‌ನಲ್ಲಿ ಹಾರ್ಮೋನನ್ನ ಬೇಗ ಬೇಗ ಕರಗಿಸಿಬಿಡ್ತವೆ. ಆರೇಳು ತಿಂಗಳು ಏನೂ ತೊಂದರೆ ಇಲ್ದೆ ಇದ್ದವರಿಗೆ ಇದ್ದಕ್ಕಿದ್ದ ಹಾಗೆ ಸ್ಪಾಟಿಂಗ್ ಶುರುವಾದ್ರೆ ನಾನು ಕೇಳೋ ಮೊದಲ ಪ್ರಶ್ನೆ 'ಈಚೆಗೆ ಹೊಸ ಮಾತ್ರೆ ಏನಾದ್ರೂ ಶುರು ಮಾಡಿದ್ರಾ' ಅಂತ. ಇಲ್ಲಿ ಸ್ಪಾಟಿಂಗ್ ಅಂದ್ರೆ ನಿಜವಾಗ್ಲೂ ಮಾತ್ರೆ ಬಲ ಕಮ್ಮಿಯಾಗಿದೆ ಅಂತ ಅರ್ಥ, 20ರಿಂದ 30ಕ್ಕೆ ಹೋದ್ರೂ ನಂಬೋ ಹಾಗಿಲ್ಲ, ಕಾಪರ್ ಟಿ ಅಥವಾ ಮೂರು ತಿಂಗಳಿಗೊಂದು ಹಾಕೋ ಇಂಜೆಕ್ಷನ್‌ಗೆ ಹೋಗ್ಬೇಕು. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ನಾಲ್ಕು ವಾರ ಅದರ ಪ್ರಭಾವ ಇರುತ್ತೆ. ನೆಗಡಿ ಗಂಟಲು ನೋವಿಗೆ ಕೊಡೋ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್‌ನಿಂದ ಇಂಥ ತೊಂದರೆ ಇಲ್ಲ, ಆದ್ರೆ ಮಾತ್ರೆ ತಗೊಂಡು ಮೂರ್ನಾಲ್ಕು ಗಂಟೆ ಒಳಗೆ ವಾಂತಿ ಆದ್ರೆ ಇನ್ನೊಂದು ತಗೋಬೇಕು.

ಮೂರನೇದು, ಮಾತ್ರೆಗೆ ಸಂಬಂಧವೇ ಇಲ್ಲದ ಕಾರಣ. ಸೇರಿದ ಮೇಲೆ ರಕ್ತ ಕಾಣೋದು, ವಾಸನೆ ಬರೋ ಬಿಳಿಸೆರಗು, ಕಿಬ್ಬೊಟ್ಟೆ ನೋವು, ಜ್ವರ, ಇದ್ರಲ್ಲಿ ಯಾವುದಿದ್ರೂ ಮೂರು ತಿಂಗಳು ಕಾಯೋ ನಿಯಮ ನಿಮಗಲ್ಲ. ಗರ್ಭಕೋಶದ ಬಾಯಲ್ಲಿ ಇನ್ಫೆಕ್ಷನ್, ಪಾಲಿಪ್ ಅಥವಾ ಹುಣ್ಣು ಇರಬಹುದು, ಸ್ಪೆಕ್ಯುಲಮ್ ಅನ್ನೋ ಉಪಕರಣ ಹಾಕಿ ಕಣ್ಣಾರೆ ನೋಡಿದ್ರೇನೇ ಗೊತ್ತಾಗೋದು, ಅದು ಐದು ನಿಮಿಷದ ಕೆಲಸ. ಗಂಟೆ ಎರಡು ಗಂಟೆಗೊಂದು ಪ್ಯಾಡ್ ನೆನೆಯೋ ಬ್ಲೀಡಿಂಗ್ ಆದ್ರೂ, ಹೊಟ್ಟೆ ಒಂದೇ ಕಡೆ ಜೋರಾಗಿ ನೋವು ಬಂದು ತಲೆ ಸುತ್ತಿದ್ರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಸರಿ, ಇದೆಲ್ಲ ನೋಡಿ ಏನೂ ಸಿಗಲಿಲ್ಲ, ಮೂರು ಸ್ಟ್ರಿಪ್ ತಪ್ಪಿಸದೆ ಮುಗೀತು, ಆದ್ರೂ ಸ್ಪಾಟಿಂಗ್ ಇದೆ ಮತ್ತೆ ಅದು ನಿಮಗೆ ಕಿರಿಕಿರಿ ಆಗ್ತಿದೆ. ಆಗ ಬದಲಾಯಿಸೋದ್ರಲ್ಲಿ ಅರ್ಥ ಇದೆ. ಕಿರಿಕಿರಿ ಆಗ್ತಿದೆ ಅನ್ನೋದು ಬೇಕು ಅಂತ್ಲೇ ಹೇಳ್ದೆ, ತಿಂಗಳಿಗೆ ಒಂದು ದಿನ ನಾಲ್ಕು ಹನಿ ಬಂದು ನಿಮಗೇನೂ ಅನ್ನಿಸದಿದ್ರೆ ಔಷಧಿ ಬದಲಾಯಿಸೋ ಅಗತ್ಯ ಇಲ್ಲ.

ಇತ್ತೀಚಿನ ಒಬ್ಬರ ವಿಷಯ ಹೇಳ್ತೀನಿ, ನಿಮ್ಮದಕ್ಕೆ ಹತ್ರ ಇದೆ. ಮೂವತ್ತರ ಆಸುಪಾಸಿನ ಟೀಚರ್, ಡೆಸೋಜೆಸ್ಟ್ರೆಲ್ ಜೊತೆ 20ರ ಮಾತ್ರೆ, ನಾಲ್ಕು ಸ್ಟ್ರಿಪ್ ಆಗಿತ್ತು. ಕ್ಯಾಲೆಂಡರ್ ಫೋಟೋ ತೋರಿಸಿದ್ರು, ಒಂದೂ ಮಾತ್ರೆ ತಪ್ಪಿಲ್ಲ, ಪ್ರತಿ ಸ್ಟ್ರಿಪ್‌ನಲ್ಲೂ ಹತ್ತನೇ ಮಾತ್ರೆ ಆಚೀಚೆ ಶುರುವಾಗಿ ಆರು ದಿನ, ಕ್ಲಾಸಲ್ಲಿ ನಿಂತು ಪಾಠ ಮಾಡೋರಿಗೆ ತಿಂಗಳಲ್ಲಿ ಅಷ್ಟು ದಿನ ಪ್ಯಾಡ್ ಇಟ್ಕೊಂಡೇ ಇರ್ಬೇಕು ಅಂದ್ರೆ ಹಿಂಸೆ. ಪ್ರೆಗ್ನೆನ್ಸಿ ಟೆಸ್ಟ್ ನೆಗೆಟಿವ್, ಸ್ಪೆಕ್ಯುಲಮ್‌ನಲ್ಲಿ ಎಲ್ಲ ಚೆನ್ನಾಗಿತ್ತು. ಈಸ್ಟ್ರೋಜನ್ ಜಾಸ್ತಿ ಮಾಡೋ ಮುಂಚೆ ಬಿಪಿ ನೋಡಿದ್ವಿ, 116ಕ್ಕೆ 74. ತಲೆನೋವು ಬರೋ ಮುಂಚೆ ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣೋ ಮೈಗ್ರೇನ್ ಇದೆಯಾ, ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಅವರಿಗೆ ಅಥವಾ ಅಪ್ಪ ಅಮ್ಮ ಒಡಹುಟ್ಟಿದೋರಿಗೆ ಇದೆಯಾ, ಸಿಗರೇಟ್ ಇದೆಯಾ ಅಂತ ಕೇಳಿದ್ದೂ ಆಯ್ತು, ಯಾವುದೂ ಇರಲಿಲ್ಲ. ಬಿಪಿ 140ಕ್ಕೆ 90 ಅಥವಾ ಮೇಲಿದ್ದಿದ್ರೆ, ಆ ತರದ ಮೈಗ್ರೇನ್ ಇದ್ದಿದ್ರೆ 30 ಅಲ್ಲ, ಈಸ್ಟ್ರೋಜನ್ ಇರೋ ಮಾತ್ರೆಯೇ ಬೇಡ ಅಂತಿದ್ದೆ.

ಅವರಿಗೆ ಲೆವೋನಾರ್ಜೆಸ್ಟ್ರೆಲ್ ಅನ್ನೋ ಪ್ರೊಜೆಸ್ಟಿನ್ 0.15, ಎಥಿನೈಲ್ ಈಸ್ಟ್ರಡಯಾಲ್ 0.03 ಬರೆದೆ. ಮಾಲಾ-ಎನ್‌ನಲ್ಲಿರೋದೂ ಇದೇ, ಪಿಎಚ್‌ಸಿಯಲ್ಲಿ ಫ್ರೀಯಾಗಿ ಸಿಗುತ್ತೆ, ಫ್ರೀ ಅಂದಾಕ್ಷಣ ಕೀಳು ಮಾಲು ಅಂತ ಅಂದ್ಕೋಬೇಡಿ. ಇದನ್ನೇ ಯಾಕೆ ಆರಿಸಿದ್ದು ಅಂದ್ರೆ ಈಸ್ಟ್ರೋಜನ್ ಒಂದು ಮೆಟ್ಟಿಲು ಮೇಲೆ ಹೋಗುತ್ತೆ, ಮತ್ತೆ ಹೆಪ್ಪುಗಟ್ಟೋ ಅಪಾಯದ ಲೆಕ್ಕದಲ್ಲಿ ಲೆವೋನಾರ್ಜೆಸ್ಟ್ರೆಲ್ ಇರೋದು ಕಮ್ಮಿ ಅಪಾಯದ್ದು. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಮಾತ್ರೆ ತಗೊಳ್ಳದ, ಗರ್ಭಿಣಿಯಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ 2 ಜನಕ್ಕೆ ಹೆಪ್ಪು ಕಾಣುತ್ತೆ, ಲೆವೋನಾರ್ಜೆಸ್ಟ್ರೆಲ್ ಮಾತ್ರೆಯಲ್ಲಿ 5ರಿಂದ 7, ಡೆಸೋಜೆಸ್ಟ್ರೆಲ್ ಅಥವಾ ಡ್ರೋಸ್ಪೈರಿನೋನ್ ಇರೋದ್ರಲ್ಲಿ 9ರಿಂದ 12. ಎಲ್ಲವೂ ಕಮ್ಮಿನೇ, ಆದ್ರೆ ಬದಲಾಯಿಸೋದೇ ಆದ್ರೆ ಕಮ್ಮಿ ಇರೋ ಕಡೆಗೇ ಹೋಗೋದು ನನ್ನ ರೂಢಿ. ಹಳೇ ಸ್ಟ್ರಿಪ್‌ನ ಕೊನೇ ಹಾರ್ಮೋನ್ ಮಾತ್ರೆ ತಗೊಂಡ ಮಾರನೇ ದಿನವೇ ಗ್ಯಾಪ್ ಇಲ್ದೆ ಹೊಸದು ಶುರು ಮಾಡಿಸಿದ್ದು, ಹಾಗೆ ಮಾಡಿದ್ರೆ ರಕ್ಷಣೆ ಎಲ್ಲೂ ತುಂಡಾಗಲ್ಲ, ಕಾಂಡೋಮ್ ಬೇಕಾಗಲ್ಲ, ಆ ತಿಂಗಳು ಮುಟ್ಟು ಬರದೇ ಇರಬಹುದು ಅಂತ ಮೊದಲೇ ಹೇಳಿದ್ದೆ. ಹೊಸದರ ಮೊದಲ ಸ್ಟ್ರಿಪ್‌ನಲ್ಲೂ ಮೂರು ದಿನ ಸ್ಪಾಟಿಂಗ್ ಬಂತು, ಫೋನ್ ಮಾಡಿದ್ರು, ಇರಲಿ ಮುಂದುವರಿಸಿ ಅಂದೆ. ಮೂರನೇ ಸ್ಟ್ರಿಪ್‌ನಲ್ಲಿ ಚುಕ್ಕೆ ಇರಲಿಲ್ಲ.

30ರ ಮಾತ್ರೆಯಲ್ಲೇ ಇದ್ದೂ ಸ್ಪಾಟಿಂಗ್ ನಿಲ್ಲದವರಿಗೆ ದಾರಿ ಬೇರೆ. ಪ್ರೊಜೆಸ್ಟಿನ್ ಜಾತಿ ಬದಲಾಯಿಸಿ ನೋಡಬಹುದು, ಒಬ್ಬರಿಗೆ ಡ್ರೋಸ್ಪೈರಿನೋನ್ ಹಿಡಿಸುತ್ತೆ, ಇನ್ನೊಬ್ಬರಿಗೆ ಲೆವೋನಾರ್ಜೆಸ್ಟ್ರೆಲ್, ಯಾರಿಗೆ ಯಾವುದು ಅಂತ ಮೊದಲೇ ಹೇಳೋ ಟೆಸ್ಟ್ ಇಲ್ಲ. 35 ಮೈಕ್ರೋಗ್ರಾಂಗಿಂತ ಮೇಲೆ ಹೋಗೋದಂತೂ ಬೇಡ, ಸ್ಪಾಟಿಂಗ್ ನಿಲ್ಲಿಸೋಕೆ ಹೋಗಿ ಹೆಪ್ಪುಗಟ್ಟೋ ಅಪಾಯ ತಂದ್ಕೊಂಡ ಹಾಗಾಗುತ್ತೆ. ಮತ್ತೆ ಹೊಸ ಮಾತ್ರೆಗೂ ಮೂರು ತಿಂಗಳು ಕೊಡ್ಲೇಬೇಕು. ಬೇಸತ್ತು ಎರಡು ತಿಂಗಳು ಪೂರ್ತಿ ಬಿಟ್ಟು ಮತ್ತೆ ಶುರು ಮಾಡೋದು ಒಳ್ಳೇದಲ್ಲ, ಹೆಪ್ಪುಗಟ್ಟೋ ಅಪಾಯ ಶುರುವಿನ ತಿಂಗಳುಗಳಲ್ಲೇ ಜಾಸ್ತಿ, ನಾಲ್ಕು ವಾರ ಅಥವಾ ಹೆಚ್ಚು ಬಿಟ್ಟು ಶುರು ಮಾಡಿದ್ರೆ ಆ ಶುರುವಿನ ಅಪಾಯ ಮತ್ತೆ ಬರುತ್ತೆ.

ಇನ್ನೆರಡು ಎಚ್ಚರಿಕೆ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಬ್ಲೀಡಿಂಗ್ ನಿಲ್ಲಿಸೋಕೆ ಅಂತ ಮೆಡಿಕಲ್ ಶಾಪ್‌ನಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಚೀಟಿ ಇಲ್ದೇ ಕೊಡ್ತಾರೆ. ಅದು ಹೆಪ್ಪು ಕರಗದ ಹಾಗೆ ಮಾಡೋ ಔಷಧಿ, ಈಸ್ಟ್ರೋಜನ್ ಇರೋ ಮಾತ್ರೆ ಜೊತೆ ನೀವಾಗೇ ತಗೋಬೇಡಿ. ಒಂದೆರಡು ದಿನ ತುಂಬಾ ತೊಂದರೆ ಆಗ್ತಿದ್ರೆ ಡಾಕ್ಟರ್ ಐದು ದಿನಕ್ಕೆ ಐಬುಪ್ರೊಫೆನ್ ಕೊಡಬಹುದು, ಊಟ ಆದ ಮೇಲೆ ತಗೊಳ್ಳೋದು, ಸ್ವಲ್ಪ ಮಟ್ಟಿಗೆ ಕಮ್ಮಿ ಮಾಡುತ್ತೆ, ಗ್ಯಾಸ್ಟ್ರಿಕ್ ಅಲ್ಸರ್ ಇರೋರಿಗೆ, ಡೆಂಗಿ ಅನುಮಾನದ ಜ್ವರ ಇರೋರಿಗೆ ಅದೂ ಬೇಡ.

ಇನ್ನೊಂದು ಮನೇಲಿ ಪೂಜೆ, ಗೃಹಪ್ರವೇಶ ಅಂದ್ರೆ ಮುಟ್ಟು ಮುಂದೂಡೋಕೆ ನೊರೆಥಿಸ್ಟಿರೋನ್ ಮಾತ್ರೆ ಮೇಲಿಂದ ಮೇಲೆ ತಗೊಳ್ಳೋದು, ಅಥವಾ ಸ್ಪಾಟಿಂಗ್ ನೋಡಿ ಹೆದರಿ 72 ಗಂಟೆಯ ಎಮರ್ಜೆನ್ಸಿ ಮಾತ್ರೆ ನುಂಗೋದು. ಎರಡೂ ಹೊಸ ಹಾರ್ಮೋನ್ ಸುರಿದು ಬ್ಲೀಡಿಂಗನ್ನ ಇನ್ನಷ್ಟು ಕಲಸುಮೇಲೋಗರ ಮಾಡ್ತವೆ. ಗರ್ಭನಿರೋಧಕ ಮಾತ್ರೆ ತಗೊಳ್ತಿರೋರಿಗೆ ಮುಟ್ಟು ಮುಂದೂಡೋಕೆ ಬೇರೆ ಮಾತ್ರೆಯೇ ಬೇಕಾಗಿಲ್ಲ, ಎಲ್ಲ ಹಾರ್ಮೋನ್ ಮಾತ್ರೆಲೂ ಒಂದೇ ಪ್ರಮಾಣ ಇರೋ ಸ್ಟ್ರಿಪ್ ಆದ್ರೆ ಗ್ಯಾಪ್ ಬಿಡದೆ (28ರದ್ದಾದ್ರೆ ಕಬ್ಬಿಣದ ಮಾತ್ರೆ ಬಿಟ್ಟು) ಮುಂದಿನ ಸ್ಟ್ರಿಪ್ ಶುರು ಮಾಡಿದ್ರೆ ಆಯ್ತು. ನಿಮಗೆ ಇದನ್ನ ಈಗ ಸಲಹೆ ಮಾಡಲ್ಲ, ಶುರುವಿನ ಮೂರು ತಿಂಗಳಲ್ಲಿ ಹಾಗೆ ಮಾಡಿದ್ರೆ ಸ್ಪಾಟಿಂಗ್ ಜಾಸ್ತಿ ಆಗೋ ಸಾಧ್ಯತೆ ಇದೆ, ಒಳಪದರ ಒಗ್ಗಿದ ಮೇಲೆ ಮಾಡಿ.

ನೀವೀಗ ಮಾಡ್ಬೇಕಾದ್ದು ಇಷ್ಟು: ಇವತ್ತಿಂದ ಕ್ಯಾಲೆಂಡರ್ ಬರೀರಿ, ಫೋನಲ್ಲಿ ಅಲಾರಂ ಇಡಿ, ಸ್ಪಾಟಿಂಗ್ ಇದ್ರೂ ಮಾತ್ರೆ ಬಿಡ್ಬೇಡಿ, ಮಧ್ಯ ಸ್ಟ್ರಿಪ್‌ನಲ್ಲಿ ನಿಲ್ಲಿಸಿದ್ರೆ ಎರಡು ಮೂರು ದಿನಕ್ಕೆ ಇನ್ನೂ ಜೋರಾಗಿ ಬ್ಲೀಡಿಂಗ್ ಬರುತ್ತೆ, ರಕ್ಷಣೆಯೂ ಹೋಗುತ್ತೆ. ಹೊಸ ಔಷಧಿ ಏನಾದ್ರೂ ತಗೊಳ್ತಿದೀರಾ, ಸೇರಿದ ಮೇಲೆ ರಕ್ತ ಕಂಡಿದೆಯಾ ಅಂತ ನೀವು ಬರೆದಿಲ್ಲ, ಅಂಥದ್ದೇನಾದ್ರೂ ಇದ್ರೆ ಕಾಯದೆ ಈ ವಾರವೇ ತೋರಿಸಿ. ಇಲ್ದಿದ್ರೆ ಮೂರನೇ ಸ್ಟ್ರಿಪ್‌ನ ಹಾರ್ಮೋನ್ ಮಾತ್ರೆ ಮುಗಿಯೋ ಕೊನೇ ವಾರದಲ್ಲಿ ಕ್ಯಾಲೆಂಡರ್ ತಗೊಂಡು ಹತ್ತಿರದ ಲೇಡಿ ಡಾಕ್ಟರ್ ಹತ್ರ ಹೋಗಿ ಬಿಪಿ ಚೆಕ್ ಮಾಡಿಸಿ, ಕೊನೇ ವಾರ ಅಂತ ಹೇಳಿದ್ದು ಯಾಕಂದ್ರೆ ಬದಲಾಯಿಸೋದಾದ್ರೆ ಗ್ಯಾಪ್ ಬಿಡದೆ ಮಾರನೇ ದಿನವೇ ಹೊಸದು ಶುರು ಮಾಡೋಕೆ ಸ್ಟ್ರಿಪ್ ಕೈಯಲ್ಲಿ ಇರಬೇಕು.